ಜೋಳದ ಕಾಳು, ಟ್ಯೂಬ್‌ಲೈಟಿನ ಮಬ್ಬು: ಟಾಪ್-ಹ್ಯಾಟ್‌ನ ಡಿಸ್ಕ್ ಎಷ್ಟು ದೊಡ್ಡದಿರಬೇಕು?

ಪ್ರಶ್ನೆ: ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ನಮ್ಮ ಮಾವನವರದು ಕಾಳಿನ ಅಂಗಡಿ. ಮಾಲದಂಡಿ ಜೋಳದ ಸ್ಯಾಂಪಲ್ ಬಂದಾಗ ಸಾವಿರ ಕಾಳಿನ ತೂಕ ನೋಡಬೇಕು. ಎಣಿಸಿ ಎಣಿಸಿ ಸಾಕಾಗಿ, ಕಪ್ಪು ಬಟ್ಟೆ ಮೇಲೆ 250 ಕಾಳು ಹರಡಿ ಫೋನಿನಲ್ಲಿ ಫೋಟೊ ತೆಗೆದು ಓಪನ್‌ಸಿವಿಯಲ್ಲಿ ಎಣಿಸಲು ಹೊರಟಿದ್ದೇನೆ. ಚಿತ್ರ 1500×2000 ಪಿಕ್ಸೆಲ್, ಒಂದು ಕಾಳು ಸುಮಾರು 20 ಪಿಕ್ಸೆಲ್ ಅಗಲ. ಬಾಗಿಲ ಕಡೆ ಬಟ್ಟೆಯೇ 110 ತೋರಿಸುತ್ತದೆ, ಒಳಗಿನ ಮೂಲೆಯಲ್ಲಿ ಕಾಳೇ 98. ನಟ್ಟನಡುವೆ ಟ್ಯೂಬ್‌ಲೈಟಿನ ಮಬ್ಬು ಬೆಳಕಿನ ಮಚ್ಚೆ ಬೇರೆ. ಟಾಪ್-ಹ್ಯಾಟ್ ಮಾಡು ಅಂದರು. ಕರ್ನಲ್ 15 ಕೊಟ್ಟರೆ ಕಾಳೆಲ್ಲ ಚುಕ್ಕಿಯಾದವು, 301 ಕೊಟ್ಟರೆ ಆ ಮಬ್ಬು ಮತ್ತೆ ಬಂತು. ಎಷ್ಟು ಕೊಡಬೇಕು? ಆಮೇಲೆ ಥ್ರೆಶೋಲ್ಡ್ ಎಷ್ಟು?

ಉತ್ತರ: 31 ಕೊಡಿ, ಥ್ರೆಶೋಲ್ಡ್ 30ರ ಸುತ್ತ ಇಡಿ. ಸ್ಯಾಂಪಲ್ ಬದಲಾದಾಗ ಈ ಅಂಕಿಗಳೂ ಬದಲಾಗುತ್ತವೆ. ಹಾಗಾಗಿ 15 ಏಕೆ ಕಾಳನ್ನು ತಿಂದಿತು, 301 ಏಕೆ ಮಬ್ಬನ್ನು ಬಿಟ್ಟಿತು ಎಂಬುದನ್ನು ನಿಮ್ಮ ಚಿತ್ರದ ಲೆಕ್ಕದಲ್ಲೇ ನೋಡೋಣ.

ಟಾಪ್-ಹ್ಯಾಟ್ ಎಂದರೆ ಮೂಲ ಚಿತ್ರದಿಂದ ಅದರ ಓಪನಿಂಗ್ ಕಳೆದಾಗ ಉಳಿಯುವುದು, ಅಷ್ಟೇ. ಓಪನಿಂಗ್‌ನಲ್ಲಿ ಎರಡು ಹೆಜ್ಜೆ. ಮೊದಲು ಎರೋಷನ್: ಪ್ರತಿ ಪಿಕ್ಸೆಲ್‌ಗೂ ಅದರ ಸುತ್ತ ಇಟ್ಟ, ಕರ್ನಲ್‌ನಷ್ಟು ಅಗಲದ ಡಿಸ್ಕಿನೊಳಗಿನ ಅತಿ ಕಡಿಮೆ ಬೆಲೆ ಕೊಡುವುದು. ಆಮೇಲೆ ಡೈಲೇಷನ್: ಹಾಗೆ ಬಂದ ಚಿತ್ರದಲ್ಲಿ ಡಿಸ್ಕಿನೊಳಗಿನ ಅತಿ ಹೆಚ್ಚು ಬೆಲೆ ಕೊಡುವುದು. ಬೆಳಕನ್ನು ಎತ್ತರವೆಂದುಕೊಂಡರೆ ಕಣ್ಣಿಗೆ ಕಟ್ಟುತ್ತದೆ. ಚಿತ್ರ ಒಂದು ನೆಲ, ಕಾಳುಗಳು ಅದರ ಮೇಲಿನ ಗುಡ್ಡೆಗಳು. ನೆಲದ ಅಡಿಯಿಂದ ಚಪ್ಪಟೆ ಬಿಲ್ಲೆಯೊಂದನ್ನು ಮೇಲಕ್ಕೆ ಒತ್ತುತ್ತ ಹೋಗಿ. ಬಿಲ್ಲೆ ಹಿಡಿಸುವಷ್ಟು ಅಗಲವಿದ್ದ ಕಡೆ ಅದು ಮೇಲಿನವರೆಗೂ ಏರುತ್ತದೆ, ಕಾಳಿನ ಗುಡ್ಡೆ ಅದಕ್ಕಿಂತ ಕಿರಿದಾಗಿದ್ದರೆ ಬುಡದಲ್ಲೇ ನಿಲ್ಲುತ್ತದೆ. ಬಿಲ್ಲೆ ಮುಟ್ಟಿದ ಮಟ್ಟವೇ ಓಪನಿಂಗ್, ಮುಟ್ಟಲಾಗದೆ ಮೇಲೆ ಉಳಿದದ್ದೇ ಟಾಪ್-ಹ್ಯಾಟ್. ಕಾಳಿನ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಇದು ಜರಡಿ. ಡಿಸ್ಕಿಗಿಂತ ಅಗಲವಾದದ್ದು ಮೇಲೆ ನಿಂತಿತು, ಸಣ್ಣದು ಕೆಳಗೆ ಬಿತ್ತು, ನಮಗೆ ಬೇಕಾದದ್ದು ಕೆಳಗೆ ಬಿದ್ದದ್ದು. ಇದು ಬರೀ ಹೋಲಿಕೆಯಲ್ಲ. ಓಪನಿಂಗನ್ನು ಬೇರೆ ಬೇರೆ ಅಳತೆಯ ಜರಡಿಗಳಂತೆ ಬಳಸಿ ಕಣಗಳ ಗಾತ್ರ ಅಳೆಯುವ ಪದ್ಧತಿಯೇ ಈ ಶಾಸ್ತ್ರದಲ್ಲಿದೆ.

ಈಗ ಒಂದೇ ಸಾಲನ್ನು ಹತ್ತಿರದಿಂದ ನೋಡಿ. ಬಟ್ಟೆಯ ಬೆಳಕು ಎಡದಿಂದ ಬಲಕ್ಕೆ ಪಿಕ್ಸೆಲ್‌ಗೆ 2ರಂತೆ ಇಳಿಯುತ್ತಿದೆ, ನಡುವೆ ಮೂರು ಪಿಕ್ಸೆಲ್ ಅಗಲದ ಕಾಳು:

```
ಮೂಲ          : 94 92 90 88 86 150 156 150 78 76 74
ಓಪನಿಂಗ್ (5)   : 94 92 90 88 86  86  86  86 78 76 74
ಟಾಪ್-ಹ್ಯಾಟ್ (5) :  0  0  0  0  0  64  70  64  0  0  0
ಟಾಪ್-ಹ್ಯಾಟ್ (3) :  0  0  0  0  0   0   6   0  0  0  0
```

ಅಗಲ 5 ಇದ್ದಾಗ ಕಾಳಿನ ಕೆಳಗಿನ ಬಟ್ಟೆಯನ್ನು ಓಪನಿಂಗ್ 86 ಎಂದು ಊಹಿಸಿತು. ನಿಜದಲ್ಲಿ ಅಲ್ಲಿ 84, 82, 80 ಇರಬೇಕಿತ್ತು. ಪ್ರಕಾಶದ ಕಡೆಯ ಅಂಚಿನ ಬೆಲೆಯನ್ನೇ ಎಳೆದುಕೊಂಡು ಬಂದಿದೆ. ಈ ತಪ್ಪು ಹೆಚ್ಚೆಂದರೆ 6, ಕಾಳಿನ ಎತ್ತರ 70ರ ಆಸುಪಾಸು, ಎಣಿಕೆಗೆ ಏನೂ ಬಾಧೆಯಿಲ್ಲ. ಇಳಿಜಾರು ಮಾತ್ರ ಪೂರ್ತಿ ಮಾಯ, ಕಾಳಿಲ್ಲದ ಕಡೆಯೆಲ್ಲ ಸೊನ್ನೆ.

ಕೊನೆಯ ಸಾಲೇ ನಿಮ್ಮ 15ರ ಕಥೆ. ಕರ್ನಲ್ ಕಾಳಿನಷ್ಟೇ ಅಗಲವಾದರೂ ಬಿಲ್ಲೆ ಗುಡ್ಡೆಯೊಳಗೆ ಹೊಕ್ಕಿತು, 150ರವರೆಗೂ ಏರಿತು, ಉಳಿದದ್ದು ತುದಿಯ 6 ಮಾತ್ರ. ನಿಮ್ಮ ಕಾಳು 20 ಪಿಕ್ಸೆಲ್, ಬಿಲ್ಲೆ 15. ಜೋಳದ ಕಾಳು ಗುಂಡಗಿದ್ದು ನೆತ್ತಿಯಲ್ಲಿ ಮಿನುಗುತ್ತದಲ್ಲ, ಆ ಮಿನುಗಷ್ಟೇ ಚುಕ್ಕಿಯಾಗಿ ಉಳಿಯಿತು. ಇದರಲ್ಲಿ ಒಂದು ಮೋಸವಿದೆ: ಚುಕ್ಕಿಗಳ ಎಣಿಕೆ ಕೆಲವು ಸಲ ಸರಿಯಾಗಿಯೇ ಬರುತ್ತದೆ. ಬಂತೆಂದು ಒಪ್ಪಿಕೊಳ್ಳಬೇಡಿ. ಮಂಕು ಸಿಪ್ಪೆಯ, ಮಿನುಗಿಲ್ಲದ ಕಾಳುಗಳು ಮುಂದಿನ ಸ್ಯಾಂಪಲ್‌ನಲ್ಲಿ ಸದ್ದಿಲ್ಲದೆ ತಪ್ಪಿಹೋಗುತ್ತವೆ.

ಹಾಗಾಗಿ ಕೆಳಗಿನ ಮಿತಿ ಗಟ್ಟಿ. ಡಿಸ್ಕ್ ಅತಿ ದೊಡ್ಡ ಕಾಳಿಗಿಂತ ಅಗಲವಿರಲೇಬೇಕು. ಸರಾಸರಿ ಕಾಳನ್ನು ಲೆಕ್ಕಕ್ಕೆ ಹಿಡಿಯಬಾರದು. ನಿಮ್ಮ ಚಿತ್ರದಲ್ಲಿ ದಪ್ಪ ಕಾಳುಗಳು 23–24 ಪಿಕ್ಸೆಲ್ ಇದ್ದಾವು. ಅಂಚಿನ ಮಸುಕಿಗೆ ಎರಡು ಮೂರು ಪಿಕ್ಸೆಲ್ ಸೇರಿಸಿ, ಸ್ವಲ್ಪ ಸಡಿಲವನ್ನೂ ಬಿಟ್ಟರೆ 31 ಬರುತ್ತದೆ. ಉದ್ದನೆಯ ವಸ್ತುವಾದರೆ, ಅಕ್ಕಿಯಂಥದ್ದು, ನೋಡಬೇಕಾದದ್ದು ಅದರ ಅಗಲವನ್ನು. ಉದ್ದ ಎಷ್ಟಿದ್ದರೂ ದುಂಡು ಬಿಲ್ಲೆ ಅದರೊಳಗೆ ಹೋಗುವುದಿಲ್ಲ.

ಒಂದಕ್ಕೊಂದು ತಾಗಿದ ಕಾಳುಗಳ ಬಗ್ಗೆ ಕೆಲವರು ಅನಗತ್ಯವಾಗಿ ಹೆದರುತ್ತಾರೆ. ಎರಡು ಕಾಳು ತಾಗಿದರೆ ಅವುಗಳೊಳಗೆ ಹಿಡಿಸುವ ಅತಿ ದೊಡ್ಡ ಬಿಲ್ಲೆ ಈಗಲೂ ಒಂದು ಕಾಳಿನಷ್ಟೇ, ನಡುವೆ ಸೊಂಟ ಸಣ್ಣಗಿರುತ್ತದೆ. ಮೂರು ತಾಗಿದರೂ ನಡುವಿನ ಕಪ್ಪು ಸಂದು ಕಂಡರೆ ಸಾಕು, ಬಿಲ್ಲೆಗೆ ಆ ಸಂದಿನ ಕಪ್ಪು ಸಿಕ್ಕು ಅಲ್ಲೇ ನಿಲ್ಲುತ್ತದೆ. ಫೋಟೊ ಅಲುಗಾಡಿ ಸಂದು ಮುಚ್ಚಿಹೋದಾಗ, ಇಲ್ಲವೇ ಕಾಳು ಒಂದರ ಮೇಲೊಂದು ಕೂತಾಗ ಮಾತ್ರ ರಾಶಿಯ ನಡುಭಾಗ ಹಿನ್ನೆಲೆಯ ಲೆಕ್ಕಕ್ಕೆ ಸೇರುತ್ತದೆ. ತಾಗಿದ ಕಾಳುಗಳನ್ನು ಬಿಡಿಸುವುದು ಟಾಪ್-ಹ್ಯಾಟ್‌ನ ಕೆಲಸವಲ್ಲ. ಬಟ್ಟೆಯನ್ನು ಒಮ್ಮೆ ಮೆಲ್ಲಗೆ ಕೊಡವಿ ಕಾಳು ಹರಡಿಕೊಂಡರೆ ಯಾವ ಅಲ್ಗಾರಿದಮ್ಮೂ ಬೇಡ.

ಇನ್ನು ಮೇಲಿನ ಮಿತಿ, ಅಂದರೆ ನಿಮ್ಮ 301. ಇಲ್ಲಿ ಹೆಚ್ಚಿನವರು ಎಡವುತ್ತಾರೆ, ಏಕೆಂದರೆ ದೊಡ್ಡ ಡಿಸ್ಕ್ ಕಾಳಿಗೆ ಏನೂ ಮಾಡುವುದಿಲ್ಲ, ಕೆಡಿಸುವುದು ಹಿನ್ನೆಲೆಯನ್ನು. ಬೆಳಕು ನೇರ ಇಳಿಜಾರಿನಂತಿದ್ದರೆ ಓಪನಿಂಗ್ ಅದನ್ನು ಇದ್ದ ಹಾಗೆಯೇ ಹಿಂತಿರುಗಿಸುತ್ತದೆ, ಡಿಸ್ಕ್ ಎಷ್ಟೇ ಇರಲಿ. ಚಿತ್ರದ ಪ್ರಕಾಶದ ಅಂಚಿನಲ್ಲಿ ಮಾತ್ರ ಸ್ವಲ್ಪ ಉಳಿಯುತ್ತದೆ. ಆದರೆ ಬೆಳಕು ಗುಡ್ಡದಂತೆ ಉಬ್ಬಿದ್ದರೆ, ಬಿಲ್ಲೆ ಗುಡ್ಡದ ನೆತ್ತಿಗೆ ಮುಟ್ಟುವ ಮೊದಲೇ ಅದರ ಅಂಚು ಇಳಿಜಾರಿಗೆ ತಾಗಿ ನಿಲ್ಲುತ್ತದೆ. ನೆತ್ತಿ ಕತ್ತರಿಸಿ ಟಾಪ್-ಹ್ಯಾಟ್‌ಗೆ ಬೀಳುತ್ತದೆ.

ಎಷ್ಟು ಬೀಳುತ್ತದೆ ಎಂದು ಬೆರಳಲ್ಲೇ ಲೆಕ್ಕ ಹಾಕಬಹುದು. ಟ್ಯೂಬ್‌ಲೈಟಿನ ಮಬ್ಬು ನಡುವಿನಿಂದ 200 ಪಿಕ್ಸೆಲ್ ದೂರ ಹೋಗುವಷ್ಟರಲ್ಲಿ 60 ಮಟ್ಟ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಬಿಲ್ಲೆಯ ಅರ್ಧ ಅಗಲವನ್ನು 200ರಿಂದ ಭಾಗಿಸಿ, ವರ್ಗ ಮಾಡಿ, 60ರಿಂದ ಗುಣಿಸಿದರೆ ನೆತ್ತಿಯಲ್ಲಿ ಉಳಿಯುವ ಮಬ್ಬು ಸಿಗುತ್ತದೆ. ಕರ್ನಲ್ 31, ಅರ್ಧ 15: ಉಳಿಯುವುದು 0.3. ಕರ್ನಲ್ 101, ಅರ್ಧ 50: ಸುಮಾರು 4. ಕರ್ನಲ್ 301, ಅರ್ಧ 150: ಹತ್ತಿರ ಹತ್ತಿರ 34. ಥ್ರೆಶೋಲ್ಡ್ 30 ಇಟ್ಟಿದ್ದರೆ ಆ 34 ಅದನ್ನು ದಾಟಿ ದೊಡ್ಡ ಬಿಳಿ ಮಚ್ಚೆಯಾಗಿ ಕೂರುತ್ತದೆ. ನೀವು ಕಂಡ ಮಬ್ಬು ಇದೇ. ಅರ್ಧ ಅಗಲದ ವರ್ಗಕ್ಕೆ ತಕ್ಕಂತೆ ಏರುವುದರಿಂದ 31ರಿಂದ 61ರವರೆಗೆ ಹೆಚ್ಚು ಕಮ್ಮಿ ಆದರೂ ಏನೂ ಆಗುವುದಿಲ್ಲ, 200 ದಾಟಿದ ಮೇಲೆ ಸರ್ರನೆ ಕೆಡುತ್ತದೆ. ಅಡುಗೆಯಲ್ಲಿ ಉಪ್ಪು ಹಾಕುವಂತೆ ಕೈಯಳತೆ ಸಾಕು, ಆದರೆ ಕೆಳಗಿನ ಮಿತಿಯ ಹತ್ತಿರ ನಿಲ್ಲುವುದೇ ಕ್ಷೇಮ.

ಇದರಿಂದಲೇ ಇನ್ನೊಂದು ತಿಳಿಯುತ್ತದೆ. ಮಬ್ಬೇ ಕಾಳಿನಷ್ಟು ಚಿಕ್ಕದಾಗಿದ್ದರೆ, ಸ್ಟೀಲ್ ಪರಾತದ ಮೇಲೆ ಫೋನಿನ ಫ್ಲ್ಯಾಶ್ ಫಳ್ಳೆನ್ನುವ ಹಾಗೆ, ಟಾಪ್-ಹ್ಯಾಟ್‌ಗೆ ಅದೂ ಒಂದು ಕಾಳೇ. ಯಾವ ಕರ್ನಲ್ಲೂ ಅದರಿಂದ ಕಾಪಾಡುವುದಿಲ್ಲ. ಪರಾತದ ತೆಳ್ಳನೆ ಹೊಳೆಯುವ ಅಂಚೂ ಹಾಗೆಯೇ, ಉದ್ದ ಎಷ್ಟಿದ್ದರೇನು, ಅಗಲ 31ಕ್ಕಿಂತ ಕಡಿಮೆ. ಫ್ಲ್ಯಾಶ್ ಆಫ್ ಮಾಡಿ, ಅಂಚನ್ನು ಚಿತ್ರದಿಂದ ಕತ್ತರಿಸಿಬಿಡಿ.

ನಿಮ್ಮ ಕೆಲಸಕ್ಕೆ ಇಷ್ಟು ಕೋಡ್ ಸಾಕು:

```python
import cv2
g = cv2.imread("jola.jpg", cv2.IMREAD_GRAYSCALE)
g = cv2.GaussianBlur(g, (5, 5), 0)
k = cv2.getStructuringElement(cv2.MORPH_ELLIPSE, (31, 31))
bg = cv2.morphologyEx(g, cv2.MORPH_OPEN, k)
th = cv2.subtract(g, bg)
_, bw = cv2.threshold(th, 30, 255, cv2.THRESH_BINARY)
n, lab, st, c = cv2.connectedComponentsWithStats(bw)
cv2.imwrite("bg.png", bg)
```

`cv2.MORPH_TOPHAT` ಎಂದು ಒಂದೇ ಏಟಿಗೆ ಮಾಡಬಹುದಿತ್ತು. ಬೇಕೆಂದೇ ಎರಡು ಸಾಲಾಗಿ ಬಿಡಿಸಿದ್ದೇನೆ, ಏಕೆಂದರೆ ಎಲ್ಲಕ್ಕಿಂತ ಮೊದಲು ತೆರೆದು ನೋಡಬೇಕಾದ ಚಿತ್ರ `bg.png`. ಅದರಲ್ಲಿ ಬೆಳಕಿನ ಏರಿಳಿತ ಮಾತ್ರ ಕಾಣಬೇಕು. ಕಾಳುಗಳ ಅಚ್ಚು ಮಸುಕಾಗಿಯಾದರೂ ಕಂಡರೆ ಡಿಸ್ಕ್ ಚಿಕ್ಕದು. ಒಂದೆರಡು ಕಡೆ ಮಾತ್ರ ಕಂಡರೆ ಅಲ್ಲಿ ಕಾಳು ಗುಡ್ಡೆಯಾಗಿದೆ. ಟ್ಯೂಬ್‌ಲೈಟಿನ ಮಬ್ಬು ನೆತ್ತಿ ಸವೆದು ಚಪ್ಪಟೆಯಾಗಿದ್ದರೆ ಡಿಸ್ಕ್ ದೊಡ್ಡದು. ಥ್ರೆಶೋಲ್ಡ್ ಮಾಡಿದ ಚಿತ್ರ ನೋಡುತ್ತ ಅಂಕಿಗಳನ್ನು ತಿರುಗಿಸುವುದರಲ್ಲಿ ಕಳೆಯುವ ಅರ್ಧ ಗಂಟೆ ಇದರಿಂದ ಉಳಿಯುತ್ತದೆ.

`cv2.subtract` ಬದಲು `g - bg` ಎಂದು ಬರೆಯುವ ಅಭ್ಯಾಸ ಬೇಡ. ಓಪನಿಂಗ್ ಎಂದೂ ಮೂಲಕ್ಕಿಂತ ಹೆಚ್ಚಾಗುವುದಿಲ್ಲವಾದ್ದರಿಂದ ಈ ಕೋಡಿನಲ್ಲಿ ಅದೂ ನಡೆಯುತ್ತದೆ. ಆದರೆ ನಾಳೆ `bg` ಅನ್ನು ನುಣುಪು ಮಾಡೋಣ ಎಂದು ಬ್ಲರ್ ಕೊಟ್ಟ ಕ್ಷಣ ಕೆಲವು ಕಡೆ ಅದು ಮೂಲಕ್ಕಿಂತ ಮೇಲೇಳುತ್ತದೆ. 8 ಬಿಟ್ ಸಂಖ್ಯೆಯಲ್ಲಿ 3ರಿಂದ 5 ಕಳೆದರೆ 254. ಕಪ್ಪು ಬಟ್ಟೆಯ ತುಂಬ ಬಿಳಿ ಎಳ್ಳು ಚೆಲ್ಲಿದ ಹಾಗೆ ಕಂಡರೆ ಕಾರಣ ಇದೇ. `n`ನಲ್ಲಿ ಹಿನ್ನೆಲೆಯೂ ಒಂದು ತುಂಡಾಗಿ ಸೇರಿರುತ್ತದೆ, ಆದ್ದರಿಂದ ಕಾಳು `n - 1`. `st`ನಲ್ಲಿ ಪ್ರತಿ ತುಂಡಿನ ವಿಸ್ತೀರ್ಣವಿದೆ. 20 ಪಿಕ್ಸೆಲ್ ಕಾಳಿಗೆ ಅದು 314ರ ಸುತ್ತ ಇರಬೇಕು. 100ಕ್ಕಿಂತ ಕಡಿಮೆಯದು ಹೊಟ್ಟು ಇಲ್ಲವೇ ಬಟ್ಟೆಯ ನೂಲು, 500 ದಾಟಿದ್ದು ಬಹುಶಃ ಎರಡು ತಾಗಿದ ಕಾಳು.

ಮೊದಲ ಬ್ಲರ್ ಸಾಲನ್ನು ಕೆಲವರು ಅಲಂಕಾರವೆಂದು ಅಳಿಸಿಹಾಕುತ್ತಾರೆ. ಅದು ಅಲಂಕಾರವಲ್ಲ. ಎರೋಷನ್ ಹುಡುಕುವುದು ಸರಾಸರಿಯನ್ನಲ್ಲ, ಅತಿ ಕಡಿಮೆಯನ್ನು. 31 ಅಗಲದ ಡಿಸ್ಕಿನಲ್ಲಿ ಏಳುನೂರಕ್ಕೂ ಮೇಲೆ ಪಿಕ್ಸೆಲ್ ಇವೆ, ಅವುಗಳಲ್ಲಿ ಅತಿ ಕಪ್ಪು ಪಿಕ್ಸೆಲ್ ಎಂದರೆ ಗದ್ದಲದ, ಅಂದರೆ ಬೆಳಕಿನ ಬೆಲೆ ಸುಮ್ಮನೆ ಆಚೀಚೆ ಹಾರುವುದರ, ತಳಕ್ಕೆ ಬಿದ್ದದ್ದು. ಮಂದ ಬೆಳಕಿನಲ್ಲಿ ಫೋನಿನ ಸೆನ್ಸರ್ ಮಾಡುವ ಗದ್ದಲದಿಂದ ಓಪನಿಂಗ್ ನಿಜವಾದ ಬಟ್ಟೆಗಿಂತ ಕೆಳಗೆ, ಗದ್ದಲದ ಎರಡು ಮೂರು ಪಟ್ಟು ಕೆಳಗೆ, ಕೂರುತ್ತದೆ. ಆಗ ಟಾಪ್-ಹ್ಯಾಟ್‌ನಲ್ಲಿ ಖಾಲಿ ಬಟ್ಟೆ ಸೊನ್ನೆಯಾಗದೆ ಬೂದಾಗಿ ಮೇಲೆ ತೇಲುತ್ತದೆ. ಒಂಟಿ ಕಪ್ಪು ಚುಕ್ಕೆಯಿಂದ ಈ ತೊಂದರೆಯಿಲ್ಲ, ಡೈಲೇಷನ್ ಅದನ್ನು ಮತ್ತೆ ಅದರ ಜಾಗಕ್ಕೆ ಕುಗ್ಗಿಸುತ್ತದೆ. ತೊಂದರೆ ಎಲ್ಲೆಡೆ ಹರಡಿದ ಕಪ್ಪಿನಿಂದ. ಒರಟು ನೇಯ್ಗೆಯ ಬಟ್ಟೆಯೂ ಇದನ್ನೇ ಮಾಡುತ್ತದೆ, ಎಳೆಗಳ ನಡುವಿನ ಕಪ್ಪೇ ಹಿನ್ನೆಲೆಯಾಗಿ ಎಳೆಗಳು ಕಾಳಿನ ಹಾಗೆ ಎದ್ದುಕೊಳ್ಳುತ್ತವೆ. ಮ್ಯಾಟ್ ಕಪ್ಪು ಡ್ರಾಯಿಂಗ್ ಶೀಟ್ ಬಟ್ಟೆಗಿಂತ ವಾಸಿ.

ನೆರಳಿನದೂ ಇದೇ ಜಾತಿಯ ತೊಂದರೆ. ಬಾಗಿಲ ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಕಾಳಿನ ಹಿಂದೆ ಕಪ್ಪು ನೆರಳು. ಕಾಳು ದೂರ ದೂರ ಇದ್ದರೆ ಏನೂ ಆಗದು. ಒತ್ತೊತ್ತಾಗಿದ್ದರೆ ಎರಡು ನೆರಳುಗಳ ನಡುವೆ ಬೆಳಕು ಬಿದ್ದ ಬಟ್ಟೆಯ ಸಣ್ಣ ಪಟ್ಟಿಯೇ ಪ್ರಕಾಶಮಾನ ವಸ್ತುವಾಗಿ ಎದ್ದು, ಇಲ್ಲದ ಕಾಳು ಎಣಿಕೆಗೆ ಬರುತ್ತದೆ. ಬಾಗಿಲಿಗೆ ಒಂದು ತೆಳು ಬಿಳಿ ಪಂಚೆ ಇಳಿಬಿಟ್ಟರೆ ನೆರಳು ಮೆದುವಾಗುತ್ತದೆ.

ಈಗ ಥ್ರೆಶೋಲ್ಡ್. ಬಾಗಿಲ ಕಡೆ ಬಟ್ಟೆ 110, ಅಲ್ಲಿನ ಕಾಳು 230 ಇದ್ದರೆ ವ್ಯತ್ಯಾಸ 120. ಮೂಲೆಯಲ್ಲಿ ಬಟ್ಟೆ 46, ಕಾಳು 98, ವ್ಯತ್ಯಾಸ 52. ಮೂಲ ಚಿತ್ರದಲ್ಲಿ 98ರ ಕಾಳು 110ರ ಬಟ್ಟೆಗಿಂತ ಕಪ್ಪು, ಒಂದೇ ಗೆರೆ ಎಳೆಯಲು ಸಾಧ್ಯವೇ ಇರಲಿಲ್ಲ. ಟಾಪ್-ಹ್ಯಾಟ್ ಆದಮೇಲೆ ಬಟ್ಟೆ ಎಲ್ಲ ಕಡೆ ಒಂದಂಕಿಯಲ್ಲಿ, ಅತಿ ದುರ್ಬಲ ಕಾಳು 52. ಅದರ ಅರ್ಧಕ್ಕೆ ಸ್ವಲ್ಪ ಮೇಲೆ, 30. ಇದೇ ನಿಯಮ: ಅತಿ ಮಂಕಾದ ಮೂಲೆಯ ಕಾಳನ್ನು ಅಳೆದು ಅದರ ಅರ್ಧದ ಸುತ್ತ ಗೆರೆ ಎಳೆಯಿರಿ, ಖಾಲಿ ಬಟ್ಟೆಯ ಅತಿ ಎತ್ತರದ ಬೆಲೆ ಅದಕ್ಕಿಂತ ಸಾಕಷ್ಟು ಕೆಳಗಿದೆಯೇ ಎಂದು ನೋಡಿ.

ಒಟ್ಸು ವಿಧಾನಕ್ಕೆ ಬಿಟ್ಟರೆ ತಾನೇ ಹುಡುಕಿಕೊಳ್ಳುವುದಿಲ್ಲವೇ ಎನ್ನಬಹುದು. ನಿಮ್ಮ 250 ಕಾಳು ಸೇರಿ 78,500 ಪಿಕ್ಸೆಲ್, ಚಿತ್ರ 30 ಲಕ್ಷ. ಕಾಳಿನ ಪಾಲು ಶೇಕಡ 2.6. ಒಂದು ಗುಂಪು ಇಷ್ಟು ಚಿಕ್ಕದಾಗಿ, ಅದರೊಳಗೇ 52ರಿಂದ 120ರವರೆಗೆ ಹರಡಿಕೊಂಡಿದ್ದಾಗ ಒಟ್ಸು ನೆಚ್ಚಿಕೊಳ್ಳುವಂಥದ್ದಲ್ಲ. ಬಟ್ಟೆ ಬೂದಾಗಿ ತೇಲುತ್ತಿದ್ದರೆ ಗೆರೆಯನ್ನು ಬಟ್ಟೆಯ ಗದ್ದಲದೊಳಗೇ ಎಳೆದೀತು, ಇಲ್ಲವಾದರೆ ಬಾಗಿಲ ಕಡೆಯ ಕಾಳುಗಳ ಕಡೆ ವಾಲಿ ಮೂಲೆಯವನ್ನು ಕಳೆದೀತು. ಬೆಳಕಿನ ವ್ಯವಸ್ಥೆ ದಿನಾ ಒಂದೇ ಇದ್ದರೆ ಕೈಯಾರೆ ಕೊಟ್ಟ ಅಂಕಿಯೇ ಹೆಚ್ಚು ನಂಬಿಗಸ್ತ.

120 ಮತ್ತು 52, ಈ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಹಿನ್ನೆಲೆ ಸಮವಾಯಿತು, ಕಾಳುಗಳು ಆಗಲಿಲ್ಲ. ಕಳೆಯುವುದು ಸೇರಿಕೊಂಡ ಬೆಳಕನ್ನು ತೆಗೆಯುತ್ತದೆ, ಆದರೆ ಮೂಲೆಯಲ್ಲಿ ಬೆಳಕೇ ಕಡಿಮೆ ಬಿದ್ದಿದ್ದರೆ ಬಟ್ಟೆಯೂ ಕಾಳೂ ಎರಡೂ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಎಣಿಕೆಗೆ ಇದರಿಂದ ನಷ್ಟವಿಲ್ಲ. ಕಾಳಿನ ಗಾತ್ರ ಅಳೆದು ದಪ್ಪ ಕಾಳು, ಸಣ್ಣ ಕಾಳು ಎಂದು ವಿಂಗಡಿಸಲು ಹೋದರೆ ಮಾತ್ರ ಪೆಟ್ಟು ಬೀಳುತ್ತದೆ. 30ರ ಗೆರೆ ಮೂಲೆಯ ಕಾಳನ್ನು ಸುಮಾರು ನಡು ಎತ್ತರದಲ್ಲಿ ಕೊಯ್ಯುತ್ತದೆ, ಬಾಗಿಲ ಕಡೆಯದನ್ನು ಕಾಲು ಎತ್ತರದಲ್ಲಿ. ಅಂಚಿನ ಮಸುಕು ನಾಲ್ಕು ಪಿಕ್ಸೆಲ್ ಇದ್ದರೆ ಬಾಗಿಲ ಕಡೆಯ ಕಾಳಿಗೆ ಸುತ್ತಲೂ ಒಂದು ಪಿಕ್ಸೆಲ್ ಹೆಚ್ಚು ಸಿಗುತ್ತದೆ. 20 ಇದ್ದದ್ದು 22, ವಿಸ್ತೀರ್ಣ ಶೇಕಡ 21 ಜಾಸ್ತಿ. ಒಂದೇ ಚೀಲದ ಜೋಳ ಬಾಗಿಲ ಕಡೆ ದಪ್ಪ, ಒಳಗಡೆ ಸಣ್ಣ!

ಗಾತ್ರ ಬೇಕೆಂದರೆ ಕಳೆದದ್ದನ್ನು ಹಿನ್ನೆಲೆಯಿಂದ ಭಾಗಿಸಿ:

```python
r = th.astype("float32") / cv2.max(bg, 10)
bw = (r > 0.5).astype("uint8") * 255
```

ಬಾಗಿಲ ಕಡೆ 120ನ್ನು 110ರಿಂದ ಭಾಗಿಸಿದರೆ 1.09, ಮೂಲೆಯಲ್ಲಿ 52ನ್ನು 46ರಿಂದ ಭಾಗಿಸಿದರೆ 1.13. ಈಗ ಎರಡೂ ಕಾಳು ಒಂದೇ ಎತ್ತರ, 0.5ರ ಗೆರೆ ಎರಡನ್ನೂ ನಡುವಿನಲ್ಲೇ ಕೊಯ್ಯುತ್ತದೆ. ಆ 10 ಏಕೆಂದರೆ ತೀರಾ ಕಪ್ಪಾದ ಕಡೆ `bg` 2–3ಕ್ಕೆ ಇಳಿದಾಗ ಗದ್ದಲವೂ ಭಾಗಾಕಾರದಲ್ಲಿ ಉಬ್ಬಿ ಕಾಳಾಗಿಬಿಡುತ್ತದೆ, ಅದಕ್ಕೆ ಕಡಿವಾಣ. ಬಾಗಿಲ ಕಡೆಯ ಕಾಳು 255 ಮುಟ್ಟಿ ಉರಿದುಹೋಗಿದ್ದರೆ ಈ ಅನುಪಾತವೂ ಸುಳ್ಳಾಗುತ್ತದೆ. ಫೋಟೊ ತೆಗೆಯುವಾಗ ಎಕ್ಸ್‌ಪೋಷರ್ ಒಂದು ಹೆಜ್ಜೆ ಇಳಿಸಿ, ಎಚ್‌ಡಿಆರ್ ಆಫ್ ಮಾಡಿ. ಎಚ್‌ಡಿಆರ್ ಚಿತ್ರದ ಬೇರೆ ಬೇರೆ ಕಡೆ ಬೆಳಕನ್ನು ಬೇರೆ ಬೇರೆಯಾಗಿ ತಿದ್ದುವುದರಿಂದ ಕಾಳಿಗೂ ಬಟ್ಟೆಗೂ ಇದ್ದ ಪ್ರಮಾಣವನ್ನೇ ಕಲಕಿಬಿಡುತ್ತದೆ.

ಮಳೆಗಾಲದಲ್ಲಿ ಮೋಡ ಸರಿದಂತೆಲ್ಲ ಬಾಗಿಲ ಬೆಳಕು ಏರಿಳಿಯುತ್ತದೆ. ಆ ದಿನಗಳಲ್ಲಿ ಎಣಿಕೆಗೂ ಭಾಗಿಸಿದ ಚಿತ್ರವನ್ನೇ ಬಳಸಿ, 0.5ನ್ನು ದಿನಾ ಬದಲಿಸಬೇಕಾಗುವುದಿಲ್ಲ. ಮೊದಲ ಸಲ ಕೈಯಿಂದ ನೂರು ಕಾಳು ಎಣಿಸಿಟ್ಟುಕೊಂಡು, ಅದನ್ನೇ ಒಮ್ಮೆ ಬಾಗಿಲ ಕಡೆ, ಒಮ್ಮೆ ಮೂಲೆಗೆ ಸರಿಸಿ ಎರಡು ಫೋಟೊ ತೆಗೆಯಿರಿ. ಎರಡರಲ್ಲೂ ನೂರೇ ಬರಬೇಕು. ಮೂಲೆಯಲ್ಲಿ ಕಡಿಮೆ ಬಂದರೆ ಗೆರೆ ಎತ್ತರವಾಯಿತು, ಬಾಗಿಲ ಕಡೆ ಹೆಚ್ಚು ಬಂದರೆ ನೆರಳಿನ ಪಟ್ಟಿಗಳನ್ನು ಹುಡುಕಿ.